ಒಂದೇ ಥರದ ಎರಡು ಆಯ್ಕೆ, ಜೊತೆಗೆ ‘ಮೇಲಿನ ಎಲ್ಲವೂ’: ಯಾವುದನ್ನು ಹೊಡೆಯಬೇಕು, ಯಾವುದನ್ನು ಉಳಿಸಬೇಕು?

ಮೀನಾ_ಓದು

ಮ್ಯಾನೇಜ್‌ಮೆಂಟ್ ಪೇಪರ್‌ಗೆ ತಯಾರಿ ಮಾಡುತ್ತಿದ್ದೇನೆ. ಪೂರ್ತಿ ಬಹುಆಯ್ಕೆ ಪ್ರಶ್ನೆಗಳು, ನಾಲ್ಕು ಆಯ್ಕೆ, ಒಂದೇ ಸರಿ ಉತ್ತರ. ಗೊತ್ತಿಲ್ಲದ ಪ್ರಶ್ನೆ ಬಂದರೆ ಬಳಸಲು ಎಲ್ಲರೂ ಎರಡು ಸೂತ್ರ ಹೇಳಿಕೊಡುತ್ತಾರೆ. ಒಂದು, ಒಂದೇ ಅರ್ಥದ ಎರಡು ಆಯ್ಕೆ ಕಂಡರೆ ಎರಡನ್ನೂ ಹೊಡೆದುಹಾಕು. ಇನ್ನೊಂದು, ಎರಡು ಆಯ್ಕೆ ಸರಿ ಅನ್ನಿಸಿದರೆ ‘ಮೇಲಿನ ಎಲ್ಲವೂ’ ಗುರುತು ಮಾಡು.

ನನ್ನ ತೊಂದರೆ ಏನೆಂದರೆ, ಕೆಲವು ಪ್ರಶ್ನೆಗಳಲ್ಲಿ ಈ ಎರಡು ಸೂತ್ರ ಒಂದಕ್ಕೊಂದು ಹೊಡೆದಾಡುತ್ತವೆ. ಇದನ್ನು ನೋಡಿ.

ಡೆಲಿಗೇಷನ್‌ನಲ್ಲಿ ಕೆಳಗಿನವರಿಗೆ ವಹಿಸಲು ಆಗದೇ ಇರುವುದು ಯಾವುದು?
ಎ) ಅಥಾರಿಟಿ
ಬಿ) ರೆಸ್ಪಾನ್ಸಿಬಿಲಿಟಿ
ಸಿ) ಅಕೌಂಟಬಿಲಿಟಿ
ಡಿ) ಮೇಲಿನ ಎಲ್ಲವೂ

ಬಿ ಮತ್ತು ಸಿ ಎರಡೂ ನನಗೆ ಒಂದೇ ಥರ ಕಾಣುತ್ತವೆ. ಮೊದಲ ಸೂತ್ರದ ಪ್ರಕಾರ ಎರಡೂ ಔಟ್. ಎರಡನೇ ಸೂತ್ರದ ಪ್ರಕಾರ ಎರಡೂ ಸರಿ, ಹಾಗಾಗಿ ಡಿ. ಕೀ ಉತ್ತರದಲ್ಲಿ ಮಾತ್ರ ಸಿ ಇದೆ. ಇನ್ನೂ ಗೊಂದಲದ ಸಂಗತಿ: ಬೇರೊಂದು ಅಭ್ಯಾಸ ಪತ್ರಿಕೆಯಲ್ಲಿ ಇದೇ ಪ್ರಶ್ನೆಗೆ ರೆಸ್ಪಾನ್ಸಿಬಿಲಿಟಿ ಸರಿ ಅಂತ ಕೀ ಕೊಟ್ಟಿದ್ದಾರೆ. ಅದರಲ್ಲಿ ಅಕೌಂಟಬಿಲಿಟಿ ಅನ್ನುವ ಆಯ್ಕೆಯೇ ಇರಲಿಲ್ಲ. ಯಾವುದನ್ನು ನಂಬಲಿ?

ಕಿರಣ್ ಟಾಪರ್

ಕೀ ತಪ್ಪಿರಬೇಕು. ಉತ್ತರ ಡಿ. ಎರಡು ಸರಿ ಅಂದಮೇಲೆ ಮೂರನೆಯದನ್ನು ನೋಡುವ ಅಗತ್ಯವೇ ಇಲ್ಲ, ಏಕೆಂದರೆ ಒಂದೇ ಉತ್ತರ ಇರಬೇಕು. ಎರಡು ಸರಿ ಇದ್ದು ಉತ್ತರ ಮಾತ್ರ ಒಂದೇ ಆಗಬೇಕಾದರೆ ‘ಎಲ್ಲವೂ’ ಬಿಟ್ಟು ಬೇರೆ ದಾರಿ ಇಲ್ಲ. ಇದು ಸೀದಾ ಲಾಜಿಕ್.

ಇನ್ನೊಂದು ಮಾತು. ಪ್ರಶ್ನೆ ಮಾಡುವವರು ‘ಮೇಲಿನ ಎಲ್ಲವೂ’ ಅಂತ ಸುಮ್ನೆ ಬರೆಯುವುದಿಲ್ಲ. ಅದು ಕಂಡರೆ ಬಹುತೇಕ ಅದೇ ಉತ್ತರ. ನಾನು ಅದನ್ನೇ ಮೊದಲು ನೋಡುವುದು.

ಶ್ರೀಧರ_ಪ್ರಶ್ನೆಪತ್ರಿಕೆ

ಕಿರಣ್ ಅವರ ಲಾಜಿಕ್‌ನ ಅರ್ಧ ಸರಿ ಇದೆ. ನಾನು ಇಂಥ ಪತ್ರಿಕೆಗಳಿಗೆ ಪ್ರಶ್ನೆ ಬರೆದವನು, ಬೇರೆಯವರು ಬರೆದದ್ದನ್ನು ತಿದ್ದಿದವನು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಮೇಲಿನ ಎಲ್ಲವೂ’ ಇರುವ ಪ್ರಶ್ನೆಯಲ್ಲಿ ಮೊದಲು ಹುಡುಕಬೇಕಾದದ್ದು ಎರಡು ಸರಿಯನ್ನಲ್ಲ, ಒಂದು ತಪ್ಪನ್ನು. ಒಂದೇ ಒಂದು ಆಯ್ಕೆ ಖಚಿತವಾಗಿ ತಪ್ಪು ಅಂತ ಗೊತ್ತಾದರೆ ಡಿ ಅಲ್ಲೇ ಬಿತ್ತು. ಮೀನಾ ಅವರ ಪ್ರಶ್ನೆಯಲ್ಲಿ ಎ ನೋಡಿ. ಅಥಾರಿಟಿಯನ್ನು ವಹಿಸಲು ಆಗುವುದಿಲ್ಲವೇ? ಡೆಲಿಗೇಷನ್ ಅಂದರೇ ಅಥಾರಿಟಿಯನ್ನು ಕೆಳಗಿನವರಿಗೆ ಕೊಡುವುದು. ಅದು ಆಗದಿದ್ದರೆ ಆ ಅಧ್ಯಾಯವೇ ಇರುತ್ತಿರಲಿಲ್ಲ. ಹಾಗಾಗಿ ಎ ತಪ್ಪು, ಅದರ ಜೊತೆಗೇ ಡಿ ಕೂಡ ತಪ್ಪು. ಬಿ, ಸಿ ಬಗ್ಗೆ ಏನೂ ಗೊತ್ತಿಲ್ಲದೆಯೇ ನಾಲ್ಕರಲ್ಲಿ ಎರಡು ಹೋದವು.

ಈಗ ಬಿ ಮತ್ತು ಸಿ ಉಳಿದವು. ಎರಡೂ ಒಂದೇ ಆಗಿದ್ದರೆ ಈ ಪ್ರಶ್ನೆಗೆ ಎರಡು ಉತ್ತರ ಬರುತ್ತದೆ, ಪ್ರಶ್ನೆಯೇ ಕೆಟ್ಟುಹೋಗುತ್ತದೆ. ಪ್ರಶ್ನೆ ಬರೆದವರು ಎರಡನ್ನೂ ಪಕ್ಕ ಪಕ್ಕ ಇಟ್ಟಿದ್ದಾರೆ ಅಂದರೆ ಅವರ ತಲೆಯಲ್ಲಿ ಎರಡಕ್ಕೂ ವ್ಯತ್ಯಾಸ ಇದೆ ಅಂತ ಅರ್ಥ. ಆ ವ್ಯತ್ಯಾಸ ಯಾವುದು ಅಂತ ಕಂಡುಹಿಡಿಯಲು ಒಂದು ಚಿಕ್ಕ ಸನ್ನಿವೇಶ ಕಟ್ಟಿಕೊಳ್ಳಿ.

ಒಬ್ಬ ಮ್ಯಾನೇಜರ್ ತನ್ನ ಸಹಾಯಕನಿಗೆ ತಿಂಗಳ ಸ್ಟಾಕ್ ವರದಿ ತಯಾರಿಸುವ ಕೆಲಸ ಕೊಡುತ್ತಾನೆ. ಅದಕ್ಕಾಗಿ ದಾಖಲೆ ನೋಡುವ, ಇಬ್ಬರು ಗುಮಾಸ್ತರಿಂದ ಕೆಲಸ ಮಾಡಿಸುವ ಅಧಿಕಾರವನ್ನೂ ಕೊಡುತ್ತಾನೆ. ವರದಿ ತಡವಾಗುತ್ತದೆ. ಈಗ ಜನರಲ್ ಮ್ಯಾನೇಜರ್ ಯಾರನ್ನು ಕೇಳುತ್ತಾರೆ? ಮ್ಯಾನೇಜರ್‌ನನ್ನು. ‘ಸಹಾಯಕನಿಗೆ ವಹಿಸಿದ್ದೆ ಸರ್’ ಅಂತ ಹೇಳಿ ಅವನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಧಿಕಾರ ಕೆಳಗೆ ಹೋಯಿತು. ಮಾಡಬೇಕಾದ ಕೆಲಸ ಕೆಳಗೆ ಹೋಯಿತು. ಮೇಲಿನವರಿಗೆ ಉತ್ತರ ಕೊಡುವ ಬಾಧ್ಯತೆ ಮಾತ್ರ ಇದ್ದಲ್ಲೇ ಉಳಿಯಿತು. ಸಹಾಯಕ ಕೂಡ ಮ್ಯಾನೇಜರ್‌ಗೆ ಉತ್ತರ ಕೊಡಬೇಕು ನಿಜ. ಆದರೆ ಅದು ಹೊಸದಾಗಿ ಹುಟ್ಟಿದ ಬಾಧ್ಯತೆ, ಮ್ಯಾನೇಜರ್‌ನ ತಲೆಯಿಂದ ಇಳಿದು ಬಂದದ್ದಲ್ಲ.

ರೆಸ್ಪಾನ್ಸಿಬಿಲಿಟಿಯನ್ನು ‘ಮಾಡಬೇಕಾದ ಕೆಲಸ’ ಅಂತ ಹಿಡಿಯುವ ಪುಸ್ತಕಗಳ ಪ್ರಕಾರ ಅದನ್ನು ಕೊಡಬಹುದು, ಅಕೌಂಟಬಿಲಿಟಿಯನ್ನು ಕೊಡಲಾಗದು. ಉತ್ತರ ಸಿ.

ಇನ್ನು ಎರಡನೇ ಪತ್ರಿಕೆಯ ವಿಷಯ. ಕೆಲವು ಪುಸ್ತಕಗಳು, ಅದರಲ್ಲೂ ಹಳೆಯವು, ರೆಸ್ಪಾನ್ಸಿಬಿಲಿಟಿ ಅಂದರೆ ‘ಮೇಲಿನವರಿಗೆ ಇರುವ ಬಾಧ್ಯತೆ’ ಅಂತಲೇ ಹಿಡಿಯುತ್ತವೆ. ಆ ಲೆಕ್ಕದಲ್ಲಿ ರೆಸ್ಪಾನ್ಸಿಬಿಲಿಟಿಯನ್ನೂ ವಹಿಸಲಾಗದು. ಅಕೌಂಟಬಿಲಿಟಿ ಆಯ್ಕೆಯಲ್ಲಿ ಇಲ್ಲದೇ ಇದ್ದರೆ ಪ್ರಶ್ನೆ ಬಂದಿರುವುದು ಈ ಗುಂಪಿನ ಪುಸ್ತಕದಿಂದ. ಆಗ ರೆಸ್ಪಾನ್ಸಿಬಿಲಿಟಿ ಗುರುತು ಮಾಡುವುದೇ ಸರಿ. ಎರಡು ಕೀ ಒಂದಕ್ಕೊಂದು ವಿರುದ್ಧ ಅಲ್ಲ. ಪಕ್ಕದಲ್ಲಿ ಯಾವ ಆಯ್ಕೆ ಇದೆ ಅನ್ನುವುದರ ಮೇಲೆ ಉತ್ತರ ಬದಲಾಗಿದೆ ಅಷ್ಟೆ.

ಮೀನಾ_ಓದು

ಥ್ಯಾಂಕ್ಸ್ ಸರ್. ಸ್ಟಾಕ್ ವರದಿ ಉದಾಹರಣೆಯಿಂದ ಬಿ, ಸಿ ಬೇರೆ ಅಂತ ಗೊತ್ತಾಯಿತು. ಹಾಗಾದರೆ ‘ಒಂದೇ ಅರ್ಥ ಇದ್ದರೆ ಎರಡನ್ನೂ ಹೊಡೆ’ ಅನ್ನುವ ಸೂತ್ರ ಪೂರ್ತಿ ಸುಳ್ಳಾ? ಯಾವಾಗ ಬಳಸಬಹುದು?

ಶ್ರೀಧರ_ಪ್ರಶ್ನೆಪತ್ರಿಕೆ

ಸುಳ್ಳಲ್ಲ, ಬಹಳ ಗಟ್ಟಿ ಸೂತ್ರ. ಆದರೆ ಅದು ಕೆಲಸ ಮಾಡುವುದು ಅರ್ಥ ನಿಜವಾಗಿಯೂ ಒಂದೇ ಆಗಿದ್ದಾಗ. ನೋಡಲು ಒಂದೇ ಥರ ಇದ್ದರೆ ಸಾಲದು. ಹರ್ಜ್‌ಬರ್ಗ್ ಅವರ ಎರಡು ಅಂಶಗಳ ಸಿದ್ಧಾಂತದಿಂದ ಒಂದು ಪ್ರಶ್ನೆ ಮಾಡಿದ್ದೇನೆ.

ಹರ್ಜ್‌ಬರ್ಗ್ ಪ್ರಕಾರ ‘ಕೆಲಸಕ್ಕೆ ಸಿಗುವ ಮನ್ನಣೆ’ ಯಾವ ಗುಂಪಿಗೆ ಸೇರುತ್ತದೆ?
ಎ) ಹೈಜೀನ್ ಅಂಶ
ಬಿ) ಮೋಟಿವೇಟರ್
ಸಿ) ಮೇಂಟೆನೆನ್ಸ್ ಅಂಶ
ಡಿ) ಡಿಸ್‌ಸ್ಯಾಟಿಸ್ಫೈಯರ್

ಹೈಜೀನ್ ಅಂಶಗಳನ್ನೇ ಮೇಂಟೆನೆನ್ಸ್ ಅಂಶ ಅಂತಲೂ ಡಿಸ್‌ಸ್ಯಾಟಿಸ್ಫೈಯರ್ ಅಂತಲೂ ಕರೆಯುತ್ತಾರೆ. ಅಂದರೆ ಎ, ಸಿ, ಡಿ ಮೂರೂ ಒಂದೇ ಗುಂಪಿನ ಮೂರು ಹೆಸರು. ಎ ಸರಿಯಾದರೆ ಸಿ ಕೂಡ ಸರಿ, ಡಿ ಕೂಡ ಸರಿ. ಒಂದೇ ಉತ್ತರ ಇರುವ ಪ್ರಶ್ನೆಯಲ್ಲಿ ಅದು ಸಾಧ್ಯವಿಲ್ಲ. ಮೂರೂ ಹೋದವು. ಮನ್ನಣೆಯ ಬಗ್ಗೆ ಹರ್ಜ್‌ಬರ್ಗ್ ಏನು ಹೇಳಿದ್ದರು ಅಂತ ನೆನಪಿಲ್ಲದಿದ್ದರೂ ಬಿ ಸಿಕ್ಕಿತು. ಉತ್ತರವೂ ಅದೇ.

ಈಗ ಅದೇ ಹೆಸರುಗಳನ್ನು ಬೇರೆ ಥರ ಜೋಡಿಸುತ್ತೇನೆ.

ಹರ್ಜ್‌ಬರ್ಗ್ ಹೇಳಿದ ಹೈಜೀನ್ ಅಂಶಗಳಿಗೆ ಇನ್ನೊಂದು ಹೆಸರು ಯಾವುದು?
ಎ) ಮೇಂಟೆನೆನ್ಸ್ ಅಂಶಗಳು
ಬಿ) ಡಿಸ್‌ಸ್ಯಾಟಿಸ್ಫೈಯರ್‌ಗಳು
ಸಿ) ಜಾಬ್ ಕಾಂಟೆಕ್ಸ್ಟ್ ಅಂಶಗಳು
ಡಿ) ಮೇಲಿನ ಎಲ್ಲವೂ

ಇಲ್ಲಿ ಒಂದೇ ಅರ್ಥದವು ಅಂತ ಎ, ಬಿ ಹೊಡೆದರೆ ಕೆಟ್ಟಿರಿ. ಒಂದೇ ಅರ್ಥ ಅನ್ನುವ ಕಾರಣಕ್ಕೇ ಉತ್ತರ ಡಿ. ಹಾಗಾಗಿ ಹೊಡೆಯುವ ಮೊದಲು ಪಟ್ಟಿಯಲ್ಲಿ ‘ಮೇಲಿನ ಎಲ್ಲವೂ’ ಅಥವಾ ‘ಎ ಮತ್ತು ಬಿ ಎರಡೂ’ ಇದೆಯಾ ನೋಡಿ. ಇಲ್ಲದಿದ್ದರೆ ಒಂದೇ ಅರ್ಥದ ಜೋಡಿ ಒಟ್ಟಿಗೇ ಸಾಯುತ್ತದೆ. ಇದ್ದರೆ ಆ ಜೋಡಿ ಒಟ್ಟಿಗೇ ಬದುಕಬಹುದು. ಮೀನಾ ಅವರ ಎರಡು ಸೂತ್ರ ಹೊಡೆದಾಡುತ್ತಿದ್ದದ್ದು ಇದಕ್ಕೇ. ಎರಡನ್ನೂ ಒಂದೇ ಪ್ರಶ್ನೆಗೆ ಹಚ್ಚಲು ಹೋಗಬಾರದು.

ಭಾರತಿ ಟ್ರೈನಿಂಗ್

ಒಳ್ಳೆಯ ಚರ್ಚೆ. ನಾನು ನಮ್ಮ ಆಫೀಸಿನ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುತ್ತೇನೆ, ಕೊನೆಗೆ ಒಂದು ಕ್ವಿಜ್ ಇಡಬೇಕು. ನಾಲ್ಕನೇ ಆಯ್ಕೆ ಏನು ಬರೆಯುವುದು ಅಂತ ಹೊಳೆಯದೇ ಇದ್ದಾಗ ‘ಮೇಲಿನ ಎಲ್ಲವೂ’ ಹಾಕುತ್ತೇನೆ. ನಿಮ್ಮ ಪ್ರಕಾರ ಎಷ್ಟು ಪ್ರಶ್ನೆಗೆ ಹಾಕಬಹುದು?

ಮೀನಾ_ಓದು

ಮೇಡಂ, ನಾನು ಕೇಳಿದ್ದು ಪರೀಕ್ಷೆ ಬರೆಯುವವರ ಕಡೆಯಿಂದ 🙂 ಆದರೆ ನಿಮ್ಮ ಮಾತಿನಿಂದ ನನಗೂ ಒಂದು ಗುಟ್ಟು ಸಿಕ್ಕಿತು. ನಾಲ್ಕನೆಯದು ಹೊಳೆಯದೇ ಹೋದರೆ ಅದನ್ನು ಹಾಕುತ್ತಾರೆ ಅಂತ!

ಶ್ರೀಧರ_ಪ್ರಶ್ನೆಪತ್ರಿಕೆ

ಕಿರಣ್ ಅವರೇ, ನಿಮಗೆ ಉತ್ತರವನ್ನು ಭಾರತಿ ಮೇಡಂ ಕೊಟ್ಟರು ನೋಡಿ. ‘ಸುಮ್ನೆ ಬರೆಯುವುದಿಲ್ಲ’ ಅಂದಿರಲ್ಲ, ಜಾಗ ತುಂಬಿಸಲೂ ಬರೆಯುತ್ತಾರೆ.

ಭಾರತಿ ಮೇಡಂ, ಸಾಧ್ಯವಾದರೆ ಒಂದಕ್ಕೂ ಹಾಕಬೇಡಿ. ಎರಡು ಕಾರಣ ಇವೆ. ಎರಡು ಆಯ್ಕೆ ಸರಿ ಅಂತ ಗೊತ್ತಿರುವವರು ಮೂರನೆಯದನ್ನು ಓದದೆಯೇ ಡಿ ಗುರುತು ಮಾಡುತ್ತಾರೆ. ಮೂರನೆಯದು ಅವರಿಗೆ ಗೊತ್ತಾ ಇಲ್ವಾ ಅಂತ ನಿಮಗೆ ತಿಳಿಯುವುದೇ ಇಲ್ಲ. ಇನ್ನೊಂದು ಕಡೆ, ಚೆನ್ನಾಗಿ ಗೊತ್ತಿರುವವರು ಎ ಓದಿ ‘ಹೌದು ಸರಿ’ ಅಂತ ಅದನ್ನೇ ಗುರುತು ಮಾಡಿ ಮುಂದೆ ಹೋಗುತ್ತಾರೆ. ಗೊತ್ತಿಲ್ಲದವನಿಗೆ ಅಂಕ, ಗೊತ್ತಿರುವವನಿಗೆ ಸೊನ್ನೆ. ಪ್ರಶ್ನೆ ಬರೆಯುವವರಿಗೆ ಕೊಡುವ ಸೂಚನೆಗಳಲ್ಲಿ ಇದನ್ನು ಬಿಡಿ ಅನ್ನುವುದು ಸಾಮಾನ್ಯ ಸಲಹೆ. ನಾಲ್ಕನೇ ಆಯ್ಕೆ ಹೊಳೆಯದಿದ್ದರೆ ಮೂರೇ ಇಡಿ, ಏನೂ ಆಗುವುದಿಲ್ಲ.

ಲತಾ ಎಸ್

ನನಗೆ ಹರ್ಜ್‌ಬರ್ಗ್ ಪ್ರಶ್ನೆಗಳೇ ಒಪ್ಪಿಗೆ ಆಗುವುದಿಲ್ಲ. ಮೊನ್ನೆ ಒಂದು ಟೆಸ್ಟ್‌ನಲ್ಲಿ ‘ಮೋಟಿವೇಟರ್ ಅಲ್ಲದ್ದು ಯಾವುದು’ ಅಂತ ಕೇಳಿದ್ದರು. ಸಂಬಳ, ಕಂಪನಿಯ ನೀತಿ, ಮೇಲ್ವಿಚಾರಣೆ, ಮೇಲಿನ ಎಲ್ಲವೂ. ನಾನು ಕಂಪನಿಯ ನೀತಿ ಅಂತ ಹಾಕಿದೆ. ಡಿ ಸರಿ ಅಂತೆ. ಸಂಬಳ ಮೋಟಿವೇಟರ್ ಅಲ್ಲ ಅಂದರೆ ಏನರ್ಥ? ನಾನು ಹಳೆಯ ಕೆಲಸ ಬಿಟ್ಟು ಈಗಿನ ಕೆಲಸಕ್ಕೆ ಬಂದದ್ದೇ ಸಂಬಳಕ್ಕೆ. ನಮ್ಮ ಟೀಮಿನಲ್ಲಿ ಎಲ್ಲರೂ ಹಾಗೆಯೇ.

ಶ್ರೀಧರ_ಪ್ರಶ್ನೆಪತ್ರಿಕೆ

ಲತಾ ಅವರೇ, ಪ್ರಶ್ನೆಯಲ್ಲಿ ‘ಹರ್ಜ್‌ಬರ್ಗ್ ಪ್ರಕಾರ’ ಅಂತ ಇತ್ತಾ? ಇದ್ದಿದ್ದರೆ ನಿಮ್ಮ ಟೀಮಿನ ಅನುಭವಕ್ಕೆ ಅಲ್ಲಿ ಜಾಗ ಇಲ್ಲ. ಅವರ ಪಟ್ಟಿಯಲ್ಲಿ ಸಂಬಳ, ಕಂಪನಿಯ ನೀತಿ, ಮೇಲ್ವಿಚಾರಣೆ, ಕೆಲಸದ ಪರಿಸ್ಥಿತಿ ಎಲ್ಲ ಹೈಜೀನ್ ಕಡೆ ಇವೆ. ಸಾಧನೆ, ಮನ್ನಣೆ, ಕೆಲಸದ ಸ್ವರೂಪ, ಜವಾಬ್ದಾರಿ, ಬಡ್ತಿ, ಬೆಳವಣಿಗೆ ಮೋಟಿವೇಟರ್ ಕಡೆ. ನೀವು ಹಳೆಯ ಕೆಲಸ ಬಿಟ್ಟಿರಿ ಅಂದಿರಲ್ಲ, ಸಂಬಳ ಸಾಲದೆ ಅತೃಪ್ತಿ ಹುಟ್ಟಿತು ಅಂತ ಹರ್ಜ್‌ಬರ್ಗ್ ಅದನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು. ಅವರನ್ನು ಟೀಕಿಸಿದವರು ಬಹಳ ಜನ ಇದ್ದಾರೆ, ನೀವೂ ಸೇರಬಹುದು. ಅದನ್ನು ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ವಿಷಯ ಇದೆ. ‘ಅಲ್ಲದ್ದು’ ಅಂತ ಕೇಳಿದಾಗ ‘ಮೇಲಿನ ಎಲ್ಲವೂ’ ತಲೆ ತಿರುಗಿಸುತ್ತದೆ. ಆಗ ಪ್ರತಿ ಆಯ್ಕೆಯನ್ನೂ ಒಂದು ಪೂರ್ತಿ ವಾಕ್ಯ ಮಾಡಿ. ‘ಸಂಬಳ ಮೋಟಿವೇಟರ್ ಅಲ್ಲ’, ಸರಿ. ‘ಕಂಪನಿಯ ನೀತಿ ಮೋಟಿವೇಟರ್ ಅಲ್ಲ’, ಸರಿ. ‘ಮೇಲ್ವಿಚಾರಣೆ ಮೋಟಿವೇಟರ್ ಅಲ್ಲ’, ಸರಿ. ಹಾಗಾಗಿ ಡಿ. ಅಲ್ಲ ಅನ್ನುವ ಪದವನ್ನು ಆಯ್ಕೆಗೆ ಅಂಟಿಸದೆ ಮನಸ್ಸಿನಲ್ಲೇ ಹಿಡಿದುಕೊಂಡು ಹೋದರೆ ಮೂರನೇ ಆಯ್ಕೆಗೆ ಬರುವಷ್ಟರಲ್ಲಿ ಅದು ಮರೆತುಹೋಗಿರುತ್ತದೆ.

ಲತಾ ಎಸ್

‘ಹರ್ಜ್‌ಬರ್ಗ್ ಪ್ರಕಾರ’ ಅಂತ ಇತ್ತು. ಆದರೂ ಸಂಬಳದ ವಿಷಯ ನಾನು ಒಪ್ಪುವುದಿಲ್ಲ.

ವಿನಯ್_ಕಂಪ್ಯೂಟರ್ ಟೆಸ್ಟ್

ನನ್ನದು ಬೇರೆ ಥರದ ಅನುಭವ. ನಾನು ಬರೆದ ಆನ್‌ಲೈನ್ ಟೆಸ್ಟ್‌ನಲ್ಲಿ ‘ಮೇಲಿನ ಎಲ್ಲವೂ’ ಬಿ ಜಾಗದಲ್ಲಿ ಬಂದಿತ್ತು! ಮೇಲೆ ಇದ್ದದ್ದು ಎ ಒಂದೇ. ಅಂದರೆ ‘ಎಲ್ಲವೂ’ ಅಂದರೆ ಎ ಮಾತ್ರವಾ? ತುಂಬ ಹೊತ್ತು ಯೋಚಿಸಿ ಕೊನೆಗೆ ಬಿಟ್ಟೆ. ತಪ್ಪು ಉತ್ತರಕ್ಕೆ ಮೂರರಲ್ಲಿ ಒಂದು ಅಂಕ ಕಳೆಯುತ್ತಾರೆ, ಅದಕ್ಕೇ ಭಯ.

ಶ್ರೀಧರ_ಪ್ರಶ್ನೆಪತ್ರಿಕೆ

ಅದು ಸಾಫ್ಟ್‌ವೇರ್ ಆಯ್ಕೆಗಳನ್ನು ಕಲಸಿದ್ದರಿಂದ ಆಗುವುದು. ಪ್ರಶ್ನೆ ಬರೆದವರು ಅದನ್ನು ಕೊನೆಯಲ್ಲೇ ಇಟ್ಟಿರುತ್ತಾರೆ, ಕಂಪ್ಯೂಟರ್ ಜಾಗ ಬದಲಿಸುತ್ತದೆ. ಅಕ್ಷರಶಃ ‘ಮೇಲಿನ’ ಅಂತ ಓದಬೇಡಿ, ‘ಉಳಿದ ಎಲ್ಲವೂ’ ಅಂತ ಓದಿ. ಆದರೆ ‘ಎ ಮತ್ತು ಸಿ ಮಾತ್ರ’ ಅಂತ ಇರುವ ಆಯ್ಕೆ ಕಲಸಿಹೋದರೆ ಯಾರೂ ಏನೂ ಮಾಡಲಾಗದು. ಆಕ್ಷೇಪಣೆಗೆ ಅವಕಾಶ ಕೊಟ್ಟರೆ ಸಲ್ಲಿಸಿ.

ಬಿಟ್ಟದ್ದು ಸರಿಯಾ ಅನ್ನುವುದು ಎಷ್ಟು ಆಯ್ಕೆ ಹೊಡೆಯಲು ಆಗಿತ್ತು ಅನ್ನುವುದರ ಮೇಲೆ ನಿಂತಿದೆ. ಸರಿಗೆ 1 ಅಂಕ, ತಪ್ಪಿಗೆ 1/3 ಕಡಿತ ಅಂದುಕೊಳ್ಳಿ. ನಾಲ್ಕರಲ್ಲಿ ಏನೂ ಹೊಡೆಯದೆ ಕಣ್ಣುಮುಚ್ಚಿ ಗುರುತು ಮಾಡಿದರೆ ಸರಾಸರಿ ಲಾಭ ಸೊನ್ನೆ. ಒಂದನ್ನು ಖಚಿತವಾಗಿ ಹೊಡೆದಿದ್ದರೆ ಸರಾಸರಿ 1/9 ಅಂಕ. ಎರಡನ್ನು ಹೊಡೆದಿದ್ದರೆ 1/3 ಅಂಕ. ಮೀನಾ ಅವರ ಡೆಲಿಗೇಷನ್ ಪ್ರಶ್ನೆಯಲ್ಲಿ ಎ ಮತ್ತು ಡಿ ಹೋದ ಮೇಲೆ ಉಳಿದ ಎರಡರಲ್ಲಿ ಒಂದನ್ನು ಊಹಿಸುವುದು ಬಿಡುವುದಕ್ಕಿಂತ ವಾಸಿ.

ಇಲ್ಲಿ ‘ಖಚಿತವಾಗಿ’ ಅನ್ನುವುದು ಮುಖ್ಯ. ಬರೀ ಒಂದೇ ಥರ ಕಾಣುತ್ತವೆ ಅಂತ ಬಿ, ಸಿ ಹೊಡೆದಿದ್ದರೆ ಸರಿ ಉತ್ತರವನ್ನೇ ಹೊರಗೆ ಹಾಕಿದ ಹಾಗೆ. ಆಮೇಲೆ ಎ ಆಗಲಿ ಡಿ ಆಗಲಿ, ಯಾವುದನ್ನು ಗುರುತು ಮಾಡಿದರೂ 1/3 ಹೋಗುವುದು ಗ್ಯಾರಂಟಿ. ಹೊಡೆಯುವುದು ತಪ್ಪಾದರೆ ಕುರುಡು ಊಹೆಗಿಂತಲೂ ಕೆಟ್ಟ ಫಲ ಸಿಗುತ್ತದೆ.

ಕಿರಣ್ ಟಾಪರ್

ಡೆಲಿಗೇಷನ್ ಪ್ರಶ್ನೆಯಲ್ಲಿ ಎ ತಪ್ಪು ಅನ್ನುವುದನ್ನು ಒಪ್ಪುತ್ತೇನೆ. ಹಾಗಿದ್ದರೆ ಇದಕ್ಕೆ ಉತ್ತರ ಹೇಳಿ ಸರ್.

ಟೇಲರ್ ಹೇಳಿದ ಫಂಕ್ಷನಲ್ ಫೋರ್‌ಮನ್‌ಶಿಪ್ ಫಯೋಲ್‌ನ ಯಾವ ತತ್ವವನ್ನು ಮುರಿಯುತ್ತದೆ?
ಎ) ಯೂನಿಟಿ ಆಫ್ ಕಮಾಂಡ್
ಬಿ) ಯೂನಿಟಿ ಆಫ್ ಡೈರೆಕ್ಷನ್
ಸಿ) ಸ್ಕೇಲಾರ್ ಚೈನ್
ಡಿ) ಮೇಲಿನ ಎಲ್ಲವೂ

ಎಂಟು ಜನ ಫೋರ್‌ಮನ್ ಇದ್ದರೆ ಆಜ್ಞೆಯೂ ಚೆಲ್ಲಾಪಿಲ್ಲಿ, ದಿಕ್ಕೂ ಚೆಲ್ಲಾಪಿಲ್ಲಿ, ಮೇಲಿನಿಂದ ಕೆಳಗಿನ ಸರಪಳಿಯೂ ಹೋಯಿತು. ನಾನು ಡಿ ಅನ್ನುತ್ತೇನೆ.

ಶ್ರೀಧರ_ಪ್ರಶ್ನೆಪತ್ರಿಕೆ

ಒಳ್ಳೆಯ ಪ್ರಶ್ನೆ. ಎ, ಬಿ ಜೋಡಿ ಹೆಸರಿನಲ್ಲಿ ಅವಳಿ, ಅರ್ಥದಲ್ಲಿ ಅಲ್ಲ. ಮತ್ತೆ ಒಂದು ಸನ್ನಿವೇಶ ಕಟ್ಟೋಣ, ಅದೂ ಟೇಲರ್‌ನ ವ್ಯವಸ್ಥೆಯಲ್ಲೇ. ಎಂಟು ಜನರಲ್ಲಿ ನಾಲ್ವರು ಯೋಜನಾ ವಿಭಾಗದಲ್ಲಿ, ನಾಲ್ವರು ಕೆಲಸ ನಡೆಯುವಲ್ಲಿ ಇರುತ್ತಾರೆ. ಒಬ್ಬ ಕಾರ್ಮಿಕ ಯಂತ್ರದ ಮುಂದೆ ನಿಂತಿದ್ದಾನೆ. ಸ್ಪೀಡ್ ಬಾಸ್ ಬಂದು ವೇಗ ಹೆಚ್ಚಿಸು ಅನ್ನುತ್ತಾನೆ. ಇನ್‌ಸ್ಪೆಕ್ಟರ್ ಬಂದು ಗುಣಮಟ್ಟ ಕೆಡುತ್ತಿದೆ, ನಿಧಾನಿಸು ಅನ್ನುತ್ತಾನೆ. ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಅನ್ನುವುದು ಯೂನಿಟಿ ಆಫ್ ಕಮಾಂಡ್. ಅದು ಇಲ್ಲಿ ಮುರಿಯಿತು. 1916ರಲ್ಲಿ ಫಯೋಲ್ ತಾನೇ ಟೇಲರ್‌ನನ್ನು ಇದೇ ವಿಷಯಕ್ಕೆ ಟೀಕಿಸಿದ್ದಾನೆ.

ಈಗ ಬಿ. ಯೂನಿಟಿ ಆಫ್ ಡೈರೆಕ್ಷನ್ ಅಂದರೆ ಒಂದೇ ಗುರಿ ಇರುವ ಕೆಲಸಗಳ ಗುಂಪಿಗೆ ಒಂದು ಯೋಜನೆ, ಒಬ್ಬ ಮುಖ್ಯಸ್ಥ. ಎಂಟು ಫೋರ್‌ಮನ್‌ಗಳೂ ಯೋಜನಾ ವಿಭಾಗ ಮಾಡಿದ ಒಂದೇ ಯೋಜನೆಯ ಪ್ರಕಾರ ನಡೆಯಬಹುದು. ಕಾರ್ಮಿಕನಿಗೆ ಎಂಟು ಬಾಸ್, ಯೋಜನೆ ಒಂದೇ. ಅಂದರೆ ಎ ಮುರಿದರೂ ಬಿ ಉಳಿಯುವ ಸನ್ನಿವೇಶ ಇದೆ. ಅಂಥದ್ದು ಒಂದು ಸಿಕ್ಕಿದರೂ ಎರಡು ಆಯ್ಕೆ ಒಂದೇ ಅಲ್ಲ ಅಂತ ಖಾತ್ರಿ. ಬಿ ಮುರಿಯಲಿಲ್ಲ, ಹಾಗಾಗಿ ಡಿ ಹೋಯಿತು. ಉತ್ತರ ಎ.

ಇದರಲ್ಲಿ ಪ್ರಶ್ನೆ ಬರೆಯುವವರ ಒಂದು ಅಭ್ಯಾಸವೂ ಕಾಣುತ್ತದೆ. ತಪ್ಪು ಆಯ್ಕೆಯನ್ನು ಸಾಮಾನ್ಯವಾಗಿ ಸರಿ ಉತ್ತರವನ್ನು ನೋಡಿಕೊಂಡೇ ಮಾಡುತ್ತಾರೆ. ಸರಿ ಉತ್ತರ ಯೂನಿಟಿ ಆಫ್ ಕಮಾಂಡ್ ಆದ್ದರಿಂದ ಅದರ ಅವಳಿಯನ್ನು ಪಕ್ಕದಲ್ಲಿ ಇಟ್ಟರು. ಹಾಗಾಗಿ ಹೆಸರು ಹತ್ತಿರ, ಅರ್ಥ ಬೇರೆ ಅನ್ನುವ ಜೋಡಿ ಕಂಡರೆ ಉತ್ತರ ಆ ಜೋಡಿಯೊಳಗೇ ಇರುವ ಸಾಧ್ಯತೆ ಜಾಸ್ತಿ. ಜಾಬ್ ಎನ್‌ಲಾರ್ಜ್‌ಮೆಂಟ್ ಮತ್ತು ಜಾಬ್ ಎನ್‌ರಿಚ್‌ಮೆಂಟ್, ಜಾಬ್ ಡಿಸ್ಕ್ರಿಪ್ಷನ್ ಮತ್ತು ಜಾಬ್ ಸ್ಪೆಸಿಫಿಕೇಷನ್, ಇವೆಲ್ಲ ಅಂಥ ಜೋಡಿಗಳೇ. ಇದು ಬರೀ ಸುಳಿವು, ಸಾಕ್ಷ್ಯ ಅಲ್ಲ. ಬೇರೇನೂ ಉಳಿಯದಾಗ ಬಳಸಿ.

ಕಿರಣ್ ಟಾಪರ್

ಬಿ ಬಗ್ಗೆ ಸರಿ. ಆದರೆ ಸಿ? ಎಂಟು ಬಾಸ್ ಇದ್ದರೆ ಮೇಲಿನಿಂದ ಕೆಳಗೆ ಒಂದೇ ಸರಪಳಿ ಹೇಗೆ ಇರುತ್ತದೆ? ಎ ಮುರಿದರೆ ಸಿ ತಾನಾಗಿ ಮುರಿಯುತ್ತದೆ. ಆಗ ಎ ಮತ್ತು ಸಿ ಎರಡೂ ಸರಿ, ಪ್ರಶ್ನೆಗೆ ಎರಡು ಉತ್ತರ.

ಶ್ರೀಧರ_ಪ್ರಶ್ನೆಪತ್ರಿಕೆ

ಅದನ್ನು ನಾನು ತಳ್ಳಿಹಾಕುವುದಿಲ್ಲ. ಸ್ಕೇಲಾರ್ ಚೈನ್ ಅಂದರೆ ಮೇಲಿನಿಂದ ಕೆಳಗಿನವರೆಗೆ ಅಧಿಕಾರದ ಸಾಲು. ಎಂಟು ಫೋರ್‌ಮನ್‌ಗಳ ಮೇಲೂ ಒಬ್ಬೊಬ್ಬ ಮೇಲಧಿಕಾರಿ ಇದ್ದಾನೆ, ಸಾಲು ತುಂಡಾಗಿಲ್ಲ, ಕೊನೆಯ ಮೆಟ್ಟಿಲಿನಲ್ಲಿ ಕವಲೊಡೆದಿದೆ ಅಷ್ಟೆ ಅಂತ ಒಬ್ಬರು ವಾದಿಸಬಹುದು. ಕವಲೊಡೆದ ಮೇಲೆ ಅದು ಒಂದೇ ಸಾಲು ಹೇಗೆ ಅಂತ ನಿಮ್ಮಂತೆ ಇನ್ನೊಬ್ಬರು ಕೇಳಬಹುದು. ನಾನು ತಿದ್ದುವವನಾಗಿದ್ದರೆ ಸಿ ತೆಗೆದು ಬೇರೆ ಆಯ್ಕೆ ಹಾಕಿಸುತ್ತಿದ್ದೆ. ಪರೀಕ್ಷೆಯಲ್ಲಿ ಬಂದರೆ ಎ ಗುರುತು ಮಾಡಿ, ಏಕೆಂದರೆ ಫಯೋಲ್ ಹೆಸರು ಹಿಡಿದು ಟೀಕಿಸಿದ್ದು ಅದನ್ನೇ, ಪುಸ್ತಕಗಳಲ್ಲೂ ಅದೇ ಇರುತ್ತದೆ.

ಕಿರಣ್ ಟಾಪರ್

ಗುರುತು ಮಾಡುವುದು ಬೇರೆ, ಒಪ್ಪುವುದು ಬೇರೆ. ಸಿ ವಿಷಯದಲ್ಲಿ ನನ್ನ ವಾದ ಹಾಗೇ ಇದೆ.

ಮೀನಾ_ಓದು

ಸರ್, ಇನ್ನೊಂದು ಅನುಮಾನ. ಮೂರೂ ಆಯ್ಕೆ ಖಚಿತವಾಗಿ ಸರಿ ಇದ್ದು, ಒಂದೂ ತಪ್ಪು ಸಿಗದಿದ್ದರೆ ಕಣ್ಣುಮುಚ್ಚಿ ‘ಮೇಲಿನ ಎಲ್ಲವೂ’ ಹಾಕಬಹುದಾ? ಕಂಟ್ರೋಲಿಂಗ್ ಬಗ್ಗೆ ಎರಡು ಪ್ರಶ್ನೆ ನೋಡಿದೆ. ಎರಡರಲ್ಲೂ ಆಯ್ಕೆ ಒಂದೇ: ಆಗಿರುವ ಕೆಲಸವನ್ನು ಅಳೆಯುವುದು, ಮಾನದಂಡದ ಜೊತೆ ಹೋಲಿಸುವುದು, ಸರಿಪಡಿಸುವ ಕ್ರಮ ಕೈಗೊಳ್ಳುವುದು, ಮೇಲಿನ ಎಲ್ಲವೂ. ಒಂದಕ್ಕೆ ಕೀ ಡಿ. ಇನ್ನೊಂದಕ್ಕೆ ಕೀ ಸಿ.

ವಿನಯ್_ಕಂಪ್ಯೂಟರ್ ಟೆಸ್ಟ್

ಎರಡೂ ಪ್ರಶ್ನೆಯ ಮೊದಲ ಸಾಲು ಹಾಕಿ, ಆಯ್ಕೆಯಿಂದ ಏನೂ ಗೊತ್ತಾಗುವುದಿಲ್ಲ.

ಮೀನಾ_ಓದು

ಮೊದಲನೆಯದು: ‘ಕಂಟ್ರೋಲಿಂಗ್ ಪ್ರಕ್ರಿಯೆಯಲ್ಲಿ ಸೇರಿರುವುದು ಯಾವುದು?’ ಎರಡನೆಯದು: ‘ಕಂಟ್ರೋಲಿಂಗ್‌ನ ತಿರುಳು ಯಾವುದು?’

ಓ, ಬರೆಯುವಾಗಲೇ ಗೊತ್ತಾಗುತ್ತಿದೆ.

ಶ್ರೀಧರ_ಪ್ರಶ್ನೆಪತ್ರಿಕೆ

ಹೌದು. ಮೊದಲನೆಯದು ‘ಸೇರಿದೆಯಾ ಇಲ್ವಾ’ ಅನ್ನುವ ಪ್ರಶ್ನೆ. ಮೂರೂ ಸೇರಿವೆ, ಹಾಗಾಗಿ ಡಿ. ಎರಡನೆಯದು ಮೂರೂ ಸೇರಿವೆ ಅಂತ ಒಪ್ಪಿಕೊಂಡು, ಅವುಗಳಲ್ಲಿ ಯಾವುದು ದೊಡ್ಡದು ಅಂತ ಕೇಳುತ್ತಿದೆ. ಅಳೆದು, ಹೋಲಿಸಿ, ವ್ಯತ್ಯಾಸ ಕಂಡು ಏನೂ ಮಾಡದೆ ಕುಳಿತರೆ ಕಂಟ್ರೋಲ್ ನಡೆಯಲೇ ಇಲ್ಲ. ಹಾಗಾಗಿ ಸರಿಪಡಿಸುವ ಕ್ರಮ. ತಿರುಳು, ಮುಖ್ಯ, ಮೊದಲ ಹಂತ, ಅತ್ಯಂತ ಸೂಕ್ತ, ಇಂಥ ಪದ ಮೊದಲ ಸಾಲಿನಲ್ಲಿ ಇದ್ದರೆ ಎರಡು ಸರಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಅನ್ನುವ ಲೆಕ್ಕ ನಡೆಯುವುದಿಲ್ಲ. ಆಯ್ಕೆಗಳು ಸರಿಯಾಗಿರುವುದರಲ್ಲಿ ಅಲ್ಲಿ ಜಗಳವೇ ಇಲ್ಲ.

ಅದರಲ್ಲೂ ‘ಮೊದಲ ಹಂತ’ ಅಂತ ಕೇಳಿದರೆ ಈ ಮೂರೂ ತಪ್ಪು, ಗೊತ್ತಲ್ವಾ? ಮೊದಲ ಹಂತ ಮಾನದಂಡ ನಿಗದಿ ಮಾಡುವುದು. ಆಗ ‘ಮೇಲಿನ ಯಾವುದೂ ಅಲ್ಲ’ ಅಂತ ಒಂದು ಆಯ್ಕೆ ಇರಬೇಕಾಗುತ್ತದೆ.

ಭಾರತಿ ಟ್ರೈನಿಂಗ್

ನನ್ನ ಕ್ವಿಜ್ ತೆಗೆದು ನೋಡಿದೆ. ‘ಒಳ್ಳೆಯ ಸೂಪರ್‌ವೈಸರ್‌ನ ಅತ್ಯಂತ ಮುಖ್ಯ ಗುಣ ಯಾವುದು’ ಅಂತ ಕೇಳಿ ಕೊನೆಗೆ ‘ಮೇಲಿನ ಎಲ್ಲವೂ’ ಇಟ್ಟಿದ್ದೇನೆ. ಕೀ ಕೂಡ ಅದೇ. ಕಳೆದ ಸಲ ಒಬ್ಬರು ‘ಅತ್ಯಂತ ಮುಖ್ಯ ಅಂದರೆ ಒಂದೇ ಅಲ್ವಾ ಮೇಡಂ’ ಅಂತ ಕೇಳಿದ್ದರು. ಈ ಸಲ ‘ಅತ್ಯಂತ ಮುಖ್ಯ’ ತೆಗೆಯಲಾ, ‘ಮೇಲಿನ ಎಲ್ಲವೂ’ ತೆಗೆಯಲಾ?

ಶ್ರೀಧರ_ಪ್ರಶ್ನೆಪತ್ರಿಕೆ

ಎರಡನ್ನೂ ತೆಗೆಯಿರಿ ಮೇಡಂ. ‘ಅತ್ಯಂತ ಮುಖ್ಯ ಗುಣ’ಕ್ಕೆ ಯಾವ ಪುಸ್ತಕದಲ್ಲೂ ಎಲ್ಲರೂ ಒಪ್ಪುವ ಒಂದೇ ಉತ್ತರ ಇಲ್ಲ. ಅದರ ಬದಲು ಒಂದು ಸನ್ನಿವೇಶ ಕೊಡಿ: ಪಾಳಿ ಶುರುವಾಗುವ ಹೊತ್ತಿಗೆ ಇಬ್ಬರು ಗೈರು, ತುರ್ತು ಆರ್ಡರ್ ಒಂದಿದೆ, ಸೂಪರ್‌ವೈಸರ್ ಮೊದಲು ಏನು ಮಾಡಬೇಕು ಅಂತ. ನಾಲ್ಕು ಬೇರೆ ಬೇರೆ ಕೆಲಸಗಳನ್ನು ಆಯ್ಕೆಯಾಗಿ ಇಡಿ.

ಕಿರಣ್ ಟಾಪರ್

ಅದಕ್ಕೂ ಎರಡು ಉತ್ತರ ಬರುವ ಹಾಗೆ ನಾನು ವಾದ ಮಾಡಬಲ್ಲೆ 😀